ಕ್ಯಾಂಟೀನಿನ ಏಳನೆಯ ಪತ್ರ

ನನಗೆ ಮೊದಲಿನಿಂದಲೂ ಊರ ಉಸಾಬರಿ ಜಾಸ್ತಿ. ಪಕ್ಕದ ಮನೆಯ ಒಗ್ಗರಣೆಯಲ್ಲಿ ಎಷ್ಟು ಸಾಸಿವೆ ಸಿಡಿಯಿತೆಂದು ಇವಳು ಎಣಿಸುತ್ತಾಳೆ ಎಂದು ಅಮ್ಮ ಬಯ್ಯುತ್ತಿದ್ದಳು. ಮುಂಬಯಿಯ ದಹಿಸರದಿಂದ ಚೆಂಬೂರಿಗೆ ದಿನಾ ಎರಡು ಸಲ ಲೋಕಲ್ ರೈಲು ಬದಲಾಯಿಸಿ ಹೋಗುವವಳಿಗೆ ಆ ಚಟ ಬಿಟ್ಟರೆ ಬೇರೆ ಮನರಂಜನೆಯೂ ಇರಲಿಲ್ಲ. ಎದುರಿಗೆ ಕೂತವರ ಡಬ್ಬಿಯಲ್ಲಿ ಏನಿದೆ, ಯಾರ ಬೆರಳಿನ ಉಂಗುರ ಮೊನ್ನೆಯಿಂದ ಕಾಣುತ್ತಿಲ್ಲ, ಎಲ್ಲವೂ ನನಗೆ ಬೇಕು.

ಚೆಂಬೂರಿನ ಆಚೆ ಒಂದು ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ನನಗೆ ಕೆಲಸ. ಈಗ ಅದನ್ನು ಎಚ್ಆರ್ ಎನ್ನುತ್ತಾರೆ, ಹೆಸರು ಬದಲಾದರೂ ಕಪಾಟುಗಳು ಅವೇ. ಒಂದು ಸಲ ಯೂನಿಯನ್ನಿನವರೂ ಕಂಪನಿಯವರೂ ಕೂತು ಒಪ್ಪಂದ ಮಾಡಿಕೊಂಡರು: ಗುತ್ತಿಗೆದಾರನ ಕೆಳಗೆ ಕ್ಯಾಂಟೀನಿನಲ್ಲಿ ದುಡಿಯುವ ಆರು ಜನರನ್ನು ಕಂಪನಿಯ ಕಾಯಂ ನೌಕರರನ್ನಾಗಿ ಮಾಡಿಕೊಳ್ಳುವುದು. ಅವರ ಪತ್ರಗಳನ್ನು ತಯಾರಿಸುವ ಕೆಲಸ ನನ್ನ ಮೇಜಿಗೆ ಬಂತು.

ಪತ್ರವೆಂದರೆ ಒಂದು ಹಾಳೆಯಲ್ಲ. ಹುದ್ದೆ, ಗ್ರೇಡು, ಪ್ರೊಬೇಶನ್, ರಜೆಯ ಲೆಕ್ಕ, ಮನೆಯವರಿಗೂ ಸೇರಿ ಮೆಡಿಕಲ್ ಇನ್ಶೂರೆನ್ಸ್, ನಿವೃತ್ತಿಯ ವಯಸ್ಸು, ಎಲ್ಲವೂ ಅದರಲ್ಲಿ ಬರಬೇಕು. ಎಲ್ಲಕ್ಕಿಂತ ತಲೆನೋವಿನದು ಹಿಂದಿನ ಸೇವೆಯ ಕಲಮು. ಸೀನಿಯಾರಿಟಿ ಮತ್ತು ಬಡ್ತಿಗೆ ಸೇವೆ ಪತ್ರದ ದಿನಾಂಕದಿಂದಲೇ ಶುರು. ಆದರೆ ಗ್ರಾಚ್ಯುಟಿಯ ಮಟ್ಟಿಗೆ ಗುತ್ತಿಗೆಯಲ್ಲಿ ದುಡಿದ ವರ್ಷಗಳನ್ನೂ ಹಿಡಿಯಬೇಕೆಂದು ಯೂನಿಯನ್ನು ಹಟ ಹಿಡಿದು ಬರೆಸಿಕೊಂಡಿತ್ತು. ಹಾಗಾಗಿ ಪ್ರತಿಯೊಬ್ಬನೂ ಯಾವ ವರ್ಷ ಎಷ್ಟು ದಿನ ಕೆಲಸ ಮಾಡಿದ್ದಾನೆಂದು ಹಳೆಯ ಮಸ್ಟರುಗಳಿಂದ, ಎಂದರೆ ಹಾಜರಿ ಪುಸ್ತಕಗಳಿಂದ, ಪಟ್ಟಿ ತೆಗೆದು ಪತ್ರಕ್ಕೆ ಲಗತ್ತಿಸಬೇಕು. ಹದಿನಾರು ವರ್ಷಗಳಲ್ಲಿ ಗುತ್ತಿಗೆದಾರರು ಮೂರು ಸಲ ಬದಲಾಗಿದ್ದರು. ಬಾಣಲೆ ಬದಲಾಗಲಿಲ್ಲ, ಸೌಟು ಹಿಡಿದವರೂ ಬದಲಾಗಲಿಲ್ಲ.

ಮೂರು ದಿನ ಧೂಳು ಕುಡಿಯುತ್ತ ಪುಟ ತಿರುಗಿಸಿದೆ. ನಾಲ್ಕನೆಯ ದಿನ ನನಗೆ ಒಂದು ವಿಚಿತ್ರ ಹೊಳೆಯಿತು. ಈ ಆರು ಜನ ಒಂದೇ ಒಂದು ದಿನವೂ ಗೈರುಹಾಜರಾಗಿರಲಿಲ್ಲ. ವಾರದ ರಜೆ ಬಿಟ್ಟರೆ ಹನ್ನೆರಡು ತಿಂಗಳೂ ಸಹಿ. ಉಡುಪಿ, ಕುಂದಾಪುರದ ಕಡೆಯ ಐದು ಜನ, ಬಾಗಲಕೋಟೆ ಕಡೆಯವ ಒಬ್ಬ, ಇವರು ವರ್ಷವಿಡೀ ಊರಿಗೆ ಹೋಗದೆ ಮುಂಬಯಿಯಲ್ಲಿ ಕೂರುವುದೆಂದರೇನು? ನನ್ನ ಅಪ್ಪನೂ ಇಲ್ಲಿಯ ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು. ಹೋಟೆಲಿನವರು ಹತ್ತು ತಿಂಗಳು ದುಡಿದು ಎರಡು ತಿಂಗಳು ಊರಿಗೆ ಹೋಗುವುದು ಸೂರ್ಯ ಮೂಡಿದಷ್ಟು ಖಚಿತ ಎಂದು ನನಗೆ ಗೊತ್ತಿತ್ತು.

ಆಮೇಲೆ ಸಹಿಗಳನ್ನು ನೋಡತೊಡಗಿದೆ. ಆರೂ ಜನ ಕನ್ನಡದಲ್ಲೇ ಸಹಿ ಹಾಕುತ್ತಿದ್ದರು. ನಮ್ಮ ಆಫೀಸಿನಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಒಬ್ಬೊಬ್ಬನ ಸಾಲಿನಲ್ಲೂ ವರ್ಷಕ್ಕೆ ಎರಡು ತಿಂಗಳು ಕೈಬರಹ ಬೇರೆಯಾಗುತ್ತಿತ್ತು. ಹೆಸರು ಅದೇ, ಆದರೆ ಅಕ್ಷರ ದುಂಡಗೆ, ಕೊನೆಗೆ ಕೆಳಗೊಂದು ಗೆರೆ, ಗೆರೆಯ ಅಡಿಯಲ್ಲಿ ಎರಡು ಚುಕ್ಕೆ. ಜನವರಿ, ಫೆಬ್ರವರಿಯಲ್ಲಿ ಆ ಎರಡು ಚುಕ್ಕೆ ಚಪಾತಿ ಮಾಡುವವನ ಸಾಲಿನಲ್ಲಿದ್ದರೆ, ಮಾರ್ಚಿನಲ್ಲಿ ಪಾತ್ರೆ ತೊಳೆಯುವವನ ಸಾಲಿಗೆ ಇಳಿಯುತ್ತಿದ್ದವು. ಜುಲೈ, ಆಗಸ್ಟಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ಹಿರಿಯರ ಸಾಲು. ಹೀಗೆ ಆರು ಸಾಲು ಸುತ್ತಿ ಮತ್ತೆ ಜನವರಿಗೆ ಚಪಾತಿಯವನ ಬಳಿ. ಹದಿನಾರು ವರ್ಷ ಇದೇ ಪ್ರದಕ್ಷಿಣೆ.

ನನಗೆ ಎಷ್ಟು ಖುಷಿಯಾಯಿತೆಂದರೆ ನಾಚಿಕೆಯಾಗಬೇಕಿತ್ತು. ಮರುಕ್ಷಣವೇ ಇನ್ನೊಂದು ನೆನಪಾಯಿತು. ಪ್ರತಿ ತಿಂಗಳ ಕೊನೆಗೆ ಆ ಮಸ್ಟರಿನ ಕೊನೆಯ ಪುಟಕ್ಕೆ ಕಂಪನಿಯ ಪರವಾಗಿ ಮೊಹರು ಬೀಳುತ್ತಿತ್ತು. ಒಂಬತ್ತು ವರ್ಷಗಳಿಂದ ಮೊಹರು ಒತ್ತುವ ಕೈ ನನ್ನದೇ. ಮೊತ್ತ ನೋಡಿ ಒತ್ತಿದ್ದೆ, ಸಾಲು ನೋಡಿರಲಿಲ್ಲ. ಸಾಸಿವೆ ಎಣಿಸುವವಳಿಗೆ ಎದುರಿಗಿದ್ದ ಕುಂಬಳಕಾಯಿ ಕಂಡಿರಲಿಲ್ಲ. ಸುಮ್ಮನಿದ್ದುಬಿಟ್ಟೆ. ಪಟ್ಟಿಯಲ್ಲಿ ಮಸ್ಟರು ಹೇಳಿದಷ್ಟನ್ನೇ ಬರೆದು, ಆರು ಪತ್ರಗಳನ್ನು ಎರಡೆರಡು ಪ್ರತಿ ತೆಗೆದು, ಮ್ಯಾನೇಜರರ ಸಹಿಗೆ ಇಟ್ಟೆ. ಹುತ್ತ ಕಂಡಿದೆ, ಕೈ ಹಾಕುವುದು ಬೇಡ ಎಂದುಕೊಂಡೆ.

ಪತ್ರ ಕೊಡುವ ದಿನ ಆರೂ ಜನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಊರಿನಲ್ಲಿದ್ದ ಪಾತ್ರೆಯವನನ್ನು ಇದಕ್ಕಾಗಿಯೇ ಫೋನು ಮಾಡಿ ಕರೆಸಿಕೊಂಡಿದ್ದರು. ಪತ್ರ ಇಂಗ್ಲಿಷಿನಲ್ಲಿತ್ತು, ನಾನು ಒಂದೊಂದೇ ಕಲಮನ್ನು ಕನ್ನಡದಲ್ಲಿ ಓದಿ ಹೇಳಿದೆ. ಒಪ್ಪಿಗೆಯಿದ್ದರೆ ಎರಡನೆಯ ಪ್ರತಿಗೆ ಸಹಿ ಹಾಕಿ ಹದಿನೈದು ದಿನದೊಳಗೆ ಹಿಂತಿರುಗಿಸಬೇಕು. ಐದು ಜನ ಅಲ್ಲೇ ಪೆನ್ನು ಕೇಳಿದರು. ದೋಸೆಕಲ್ಲಿನ ಹಿರಿಯರು ಮಾತ್ರ ರಜೆಯ ಕಲಮನ್ನು ಇನ್ನೊಮ್ಮೆ ಓದಿಸಿದರು. ವರ್ಷಕ್ಕೆ ಮೂವತ್ತು ದಿನ ಸಂಬಳ ಸಹಿತ ರಜೆ, ಮೊದಲೇ ಮಂಜೂರಾಗಬೇಕು, ರಜೆಯ ಅವಧಿಯಲ್ಲಿ ತನ್ನ ಬದಲಿಗೆ ಬೇರೆಯವರನ್ನು ಕೆಲಸಕ್ಕೆ ಕಳುಹಿಸುವಂತಿಲ್ಲ. ಅವರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಮೇಡಂ ಎಂದು ಹೊರಟುಹೋದರು.

ಒಂದು ವಾರ ಕಳೆಯಿತು, ಅವರ ಪ್ರತಿ ಬರಲಿಲ್ಲ. ಜನ ಇಂಥ ಪತ್ರಕ್ಕಾಗಿ ಹರಕೆ ಹೊರುತ್ತಾರೆ. ಇವರಿಗೆ ಐವತ್ತಾರು ವಯಸ್ಸು, ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ, ಹದಿನಾರು ವರ್ಷದ ಸೇವೆ ಕಾಗದದಲ್ಲಿ ಕೈಗೆ ಬಂದಿದೆ, ಸಹಿ ಹಾಕಲು ಏನು ಧಾಡಿ? ತಡೆಯಲಾರದೆ ಊಟದ ಗಲಾಟೆ ಮುಗಿದ ಮೇಲೆ ಕ್ಯಾಂಟೀನಿಗೆ ಹೋದೆ. ಒಂದು ಚಹಾ ಹಿಡಿದು ಮೂಲೆಯಲ್ಲಿ ಕೂತು ಎಂದೂ ಮಾಡದ ಕೆಲಸ ಮಾಡಿದೆ, ಒಳಗಿದ್ದವರನ್ನು ಎಣಿಸಿದೆ. ಏಳು ಜನ ಇದ್ದರು.

ಏಳನೆಯವನು ನನಗೆ ಚಹಾ ಕೊಟ್ಟವನೇ. ನಲವತ್ತು ದಾಟಿದ, ಸಣಕಲು ದೇಹದ ಮನುಷ್ಯ. ಒಂಬತ್ತು ವರ್ಷಗಳಿಂದ ನನಗೆ ಸಕ್ಕರೆ ಕಡಿಮೆ ಎಂದು ಹೇಳದೆಯೇ ತಿಳಿದುಕೊಂಡವನು. ಒಮ್ಮೆ ಚಪಾತಿಯ ಬಳಿ, ಒಮ್ಮೆ ದೋಸೆಕಲ್ಲಿನ ಬಳಿ ಇವನನ್ನು ನೋಡುತ್ತಲೇ ಇದ್ದೆ. ಒಳಗೆ ಯಾವಾಗಲೂ ಆರು ಜನ, ಆರರಲ್ಲಿ ಇವನೂ ಒಬ್ಬ ಎಂದುಕೊಂಡಿದ್ದೆ. ಎಲ್ಲರೂ ಅವನನ್ನು ‘ಬದಲಿ’ ಎಂದು ಕರೆಯುತ್ತಿದ್ದರು. ಅದು ಮನೆತನದ ಹೆಸರೋ ಏನೋ ಎಂದುಕೊಂಡವಳು ನಾನು, ಹೇಳಿಕೊಳ್ಳಲು ಈಗಲೂ ಸಂಕೋಚ.

ಹಿರಿಯರು ಕಲ್ಲು ಒರೆಸಿ ನನ್ನೆದುರು ಬಂದು ಕೂತರು. ಆಫೀಸಿನಲ್ಲಿ ನಾನು ಅವರಿಗೆ ಮೇಡಂ, ಕ್ಯಾಂಟೀನಿನಲ್ಲಿ ತಂಗಿ. ನಾನು ಎರಡು ಚುಕ್ಕೆಯ ಸಹಿಯ ಮಾತೆತ್ತಿದೆ. ಅವರು ಗಾಬರಿಯಾಗಲಿಲ್ಲ, ಯಾರಾದರೂ ಕೇಳಲಿ ಎಂದೇ ಕಾದಿದ್ದವರ ಹಾಗೆ ಎಲ್ಲ ಹೇಳಿದರು. ಹದಿನಾರು ವರ್ಷದ ಹಿಂದೆ ಕ್ಯಾಂಟೀನು ಶುರುವಾದಾಗ ತಮ್ಮ ಹೆಂಡತಿಯ ತಮ್ಮನನ್ನು ಊರಿನಿಂದ ಇವರೇ ಕರೆತಂದರಂತೆ. ಆಗಿನ ಗುತ್ತಿಗೆದಾರನಿಗೆ ಏಳನೆಯ ಹೆಸರು ಬೇಡವಾಗಿತ್ತು. ಆರು ಜನ ಸರದಿಯ ಮೇಲೆ ಎರಡೆರಡು ತಿಂಗಳು ಊರಿಗೆ ಹೋಗಿ, ಹೋದವನ ಜಾಗದಲ್ಲಿ ಇವನು ನಿಲ್ಲಲಿ, ಮಸ್ಟರಿನಲ್ಲಿ ಹೋದವನ ಹೆಸರಿಗೇ ಸಹಿ ಹಾಕಲಿ ಎಂದನಂತೆ. ಆಮೇಲೆ ಬಂದ ಗುತ್ತಿಗೆದಾರರೂ ಅದನ್ನೇ ನಡೆಸಿಕೊಂಡು ಹೋದರಂತೆ. ಆ ಎರಡು ತಿಂಗಳ ಸಂಬಳವನ್ನು ಹೋದವನು ಇವನ ಕೈಗೆ ಕೊಡುವುದು ಪದ್ಧತಿ. ಮುಂಬಯಿಯ ಹೋಟೆಲುಗಳಲ್ಲಿ ಬದಲಿ ಎಂಬುದು ಹೊಸದಲ್ಲ. ಆದರೆ ಸಾಮಾನ್ಯ ಬದಲಿ ಎರಡು ತಿಂಗಳು ನಿಂತು ಹೋಗುತ್ತಾನೆ. ಇವನು ಆರು ಜನರ ಬದಲಿಯಾಗಿ ವರ್ಷಪೂರ್ತಿ ನಿಂತುಬಿಟ್ಟಿದ್ದ.

“ನಾನು ಸೈನ್ ಹಾಕಿದ್ರೆ ಇವ ಎಲ್ಲಿಗೆ ಹೋಗುದು, ತಂಗಿ?” ಎಂದರು ಹಿರಿಯರು. “ನಾವು ಆರೂ ಜನ ಊರಿಗೆ ಹೋಗಿ ಗದ್ದೆ ನೆಟ್ಟದ್ದು, ಮಕ್ಕಳ ಮದುವೆ ಮಾಡಿದ್ದು, ಎಲ್ಲ ಇವ ಇಲ್ಲಿ ನಿಂತದ್ದರಿಂದ. ಒಂದು ದಿನ ರಜೆ ಮಾಡದೆ ದುಡಿದದ್ದು ಇವ. ಪರ್ಮನೆಂಟ್ ಆಗುದು ನಾವಾ?”

ಇದ್ದದ್ದನ್ನು ಹೇಳಿಬಿಡಬಹುದಲ್ಲ ಎಂದೆ. ಹೇಳಿದರೆ ಸುಳ್ಳು ಸಹಿ ಎಂದು ಆರು ಪತ್ರಗಳನ್ನೂ ಕಿತ್ತುಕೊಂಡರೆ ಉಳಿದವರ ಹೆಂಡತಿ ಮಕ್ಕಳಿಗೆ ಯಾರು ಉತ್ತರ ಕೊಡುವುದು ಎಂದು ಅವರು ಕೇಳಿದರು. ಬದಲಿ ಅಷ್ಟು ದೂರದಲ್ಲಿ ಲೋಟ ತೊಳೆಯುತ್ತಿದ್ದ. ಅವನಿಗೆ ಎಲ್ಲ ಕೇಳುತ್ತಿತ್ತು. ಭಾವ, ನೀವು ಸೈನ್ ಹಾಕಿ, ನನಗೆ ಎಲ್ಲಾದರೂ ಆಗ್ತದೆ ಎಂದು ಹತ್ತು ಸಲ ಹೇಳಿದ್ದಾನೆಂದು ಹಿರಿಯರು ಹೇಳಿದರು. ಹಾಗೆ ಹೇಳುವವನಿಗೆ ಎಲ್ಲೂ ಏನೂ ಆಗುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೇಜಿಗೆ ಬಂದು ಲೆಕ್ಕ ಹಾಕಿದೆ. ವರ್ಷದಲ್ಲಿ ಇನ್ನೂರ ನಲವತ್ತು ದಿನ ಕೆಲಸ ಮಾಡಿದ್ದರೆ ಅದು ಕಾನೂನಿನ ಕಣ್ಣಿಗೆ ಇಡೀ ವರ್ಷದ ಸೇವೆ. ಹತ್ತು ತಿಂಗಳಲ್ಲಿ ವಾರದ ರಜೆ ಕಳೆದರೂ ಅಷ್ಟು ದಾಟುತ್ತದೆ. ಎಂದರೆ ಆ ಎರಡು ತಿಂಗಳನ್ನು ಬಿಟ್ಟುಕೊಟ್ಟರೂ ಆರು ಜನರ ಒಂದು ವರ್ಷವೂ ಮುರಿಯುವುದಿಲ್ಲ. ಹದಿನಾರು ವರ್ಷ ಅನವಶ್ಯಕವಾಗಿ ಹೇಳಿದ ಸುಳ್ಳು ಅದು. ನನಗೆ ಆ ಗುತ್ತಿಗೆದಾರನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಉಳಿದದ್ದು ಇನ್ನೊಂದು ಪ್ರಶ್ನೆ. ಆರು ಜನರಿಗೆ ಫೋಟೋ ಇರುವ ಪಾಸುಗಳಿದ್ದವು, ಹಾಗಾದರೆ ಇವನು ದಿನಾ ಗೇಟು ದಾಟಿದ್ದು ಹೇಗೆ? ಮರುದಿನ ಬೆಳಿಗ್ಗೆ ಗೇಟಿನಲ್ಲೇ ನಿಂತು ಸೆಕ್ಯುರಿಟಿಯವರನ್ನು ಕೇಳಿದೆ. ಇವನಿಗೆ ಡೈಲಿ ಪಾಸು, ಗುತ್ತಿಗೆದಾರನ ಸೂಪರ್‌ವೈಸರನೇ ಚೀಟಿ ಬರೆದುಕೊಡುತ್ತಾನೆ ಎಂದರು. ರಿಜಿಸ್ಟರು ತೆಗೆದು ತೋರಿಸಿದರು. ಅಲ್ಲಿ ಇತ್ತು ಅವನ ಹೆಸರು. ಅವನದೇ ಹೆಸರು, ಕೆಳಗೆ ಗೆರೆ, ಎರಡು ಚುಕ್ಕೆ. ಬೆಳಿಗ್ಗೆ ಆರಕ್ಕೆ ಒಳಗೆ, ಸಂಜೆ ಹೊರಗೆ. ಒಂಬತ್ತು ವರ್ಷ ಚಹಾ ಕುಡಿದ ಮೇಲೆ ಆ ಮನುಷ್ಯನ ಹೆಸರನ್ನು ನಾನು ವಾಚ್‌ಮನ್ನನ ಮೇಜಿನ ಮೇಲೆ ಓದಿ ತಿಳಿದೆ. ಎಷ್ಟು ವರ್ಷದ ರಿಜಿಸ್ಟರು ಇದೆ ಎಂದು ಕೇಳಿದೆ. ಮೂರು ವರ್ಷದ್ದು, ಅದಕ್ಕಿಂತ ಹಳೆಯದನ್ನು ರದ್ದಿಗೆ ಹಾಕುವುದು ನಿಯಮ ಎಂದರು.

ಇದನ್ನೆಲ್ಲ ಹಿರಿಯರಿಗೆ ಹೇಳಿದೆ. ಅವರು ಹದಿಮೂರನೆಯ ದಿನ ಸಹಿ ಹಾಕದ ಪತ್ರವನ್ನು ಹಿಡಿದುಕೊಂಡು ಯೂನಿಯನ್ನಿನ ಸೆಕ್ರೆಟರಿಯ ಜೊತೆ ಮ್ಯಾನೇಜರರ ಕೋಣೆಗೆ ಹೋದರು. ಮಸ್ಟರುಗಳನ್ನು ಹೊತ್ತುಕೊಂಡು ನಾನೂ ಹೋದೆ. ತಮ್ಮ ಹೋಟೆಲ್ ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟೇ: ಈ ಕಾಗದದಲ್ಲಿ ನನ್ನ ಸೇವೆ ಎಂದು ಬರೆದದ್ದರಲ್ಲಿ ವರ್ಷಕ್ಕೆ ಎರಡು ತಿಂಗಳು ನನ್ನದಲ್ಲ, ಅದನ್ನು ತೆಗೆಯಿರಿ, ಅದು ಯಾರದೋ ಅವನಿಗೆ ಕೊಡಿ.

ಮ್ಯಾನೇಜರರು ಒಳ್ಳೆಯ ಮರಾಠಿ ಮನುಷ್ಯ, ಆದರೆ ಆ ದಿನ ಕೆಂಪಗಾದರು. ಇದು ವಂಚನೆ, ಆರೂ ಪತ್ರಗಳನ್ನು ತಡೆಹಿಡಿಯುತ್ತೇನೆ ಎಂದರು. ಸೆಕ್ರೆಟರಿ ನಿಧಾನವಾಗಿ ಮಸ್ಟರಿನ ಕೊನೆಯ ಪುಟ ತೆರೆದು ಅವರೆದುರು ಇಟ್ಟ. ಡೈಲಿ ಪಾಸು ಬರೆದವನೂ ಮಸ್ಟರು ಬರೆಸಿದವನೂ ಒಬ್ಬನೇ ಸೂಪರ್‌ವೈಸರು, ಗೇಟು ಕಂಪನಿಯದ್ದು, ತಿಂಗಳು ತಿಂಗಳು ಒತ್ತಿದ ಮೊಹರೂ ಕಂಪನಿಯದ್ದು ಎಂದ. ಮೊಹರು ಒತ್ತಿದ್ದು ನಾನು ಎಂದು ನನ್ನ ಬಾಯಿಂದ ಹೊರಟಿತು. ನನ್ನ ಕೆಲಸಕ್ಕೂ ಈಗ ಕುತ್ತು ಬಂತು ಎಂದುಕೊಳ್ಳುತ್ತಲೇ ಉಳಿದ ಮಸ್ಟರುಗಳನ್ನೂ ಅವರೆದುರು ಜೋಡಿಸಿಟ್ಟೆ.

ಆಮೇಲಿನ ಮೂರು ತಿಂಗಳು ಕ್ಯಾಂಟೀನಿನ ಅನ್ನಕ್ಕೆ ರುಚಿಯೇ ಇರಲಿಲ್ಲ. ಸಹಿ ಹಾಕಿದ ಐದು ಪತ್ರಗಳೂ ನನ್ನ ಡ್ರಾಯರಿನಲ್ಲಿ ಕೂತವು. ಐದು ಜನ ಹಿರಿಯರ ಜೊತೆ ಮಾತು ಬಿಟ್ಟರು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಂಗಾತು ನಮ್ಮ ಗತಿ ಎಂದು ಪಾತ್ರೆಯವನು ನನ್ನೆದುರೇ ಅಂದ. ಪೂಜಾರಿ ನಾನೇ ಎಂಬುದರಲ್ಲಿ ಸಂಶಯವಿರಲಿಲ್ಲ. ಬದಲಿ ಮಾತ್ರ ಎಂದಿನಂತೆ ಸಕ್ಕರೆ ಕಡಿಮೆ ಹಾಕಿದ ಚಹಾ ತಂದಿಡುತ್ತಿದ್ದ. ಅವನ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಮೀಟಿಂಗುಗಳಾದವು, ವಕೀಲರು ಬಂದರು. ಪ್ರಕರಣ ಹೊರಗೆ ಹೋದರೆ ಕಂಪನಿಗೇ ಮುಜುಗರ ಎಂದು ಎಲ್ಲರಿಗೂ ಹೊಳೆಯಿತು, ನನ್ನ ಮೊಹರಿನ ಮಾತೂ ಅಲ್ಲಿಗೇ ಮುಚ್ಚಿಹೋಯಿತು. ಹಾವೂ ಸಾಯದೆ ಕೋಲೂ ಮುರಿಯದೆ ಹಳೆಯ ಒಪ್ಪಂದಕ್ಕೆ ಒಂದು ಪುರವಣಿ ಬರೆದರು. ಆರು ಜನರ ಲಗತ್ತುಗಳನ್ನು ತಿದ್ದಿ ವರ್ಷಕ್ಕೆ ಹತ್ತು ತಿಂಗಳ ದಿನಗಳನ್ನು ಮಾತ್ರ ತೋರಿಸಬೇಕು, ಸೇವೆ ಅಖಂಡವೆಂದೇ ಹಿಡಿಯಬೇಕು. ಏಳನೆಯವನನ್ನೂ ಕಾಯಂ ಮಾಡಿಕೊಳ್ಳಬೇಕು. ಅವನ ಹಿಂದಿನ ಸೇವೆಗೆ ಆಧಾರ ಗೇಟಿನ ರಿಜಿಸ್ಟರು. ಎಂದರೆ ಮೂರು ವರ್ಷ. ಉಳಿದ ಹದಿಮೂರು ವರ್ಷಕ್ಕೆ ಮಸ್ಟರಿನ ಆ ಸಹಿಗಳಿವೆಯಲ್ಲ ಎಂದು ನಾನು ಕೇಳಿದೆ. ಬೇರೆಯವರ ಹೆಸರಿನ ಸಹಿ ಇವನದೆಂದು ಕಂಪನಿ ಬರೆದುಕೊಡಲು ಬರುವುದಿಲ್ಲ ಎಂದರು ವಕೀಲರು. ಯೂನಿಯನ್ನೂ ಅಲ್ಲಿಗೆ ನಿಲ್ಲಿಸಿತು. ನನಗೆ ಅದು ಈಗಲೂ ಸರಿಯೆನಿಸಿಲ್ಲ.

ಜುಲೈಯ ಒಂದು ಬೆಳಿಗ್ಗೆ, ಹಳಿಗಳ ಮೇಲೆ ನೀರು ನಿಂತು ಅರ್ಧ ಆಫೀಸು ಖಾಲಿಯಿದ್ದಾಗ, ಬದಲಿ ನನ್ನ ಮೇಜಿನೆದುರು ಬಂದು ನಿಂತ. ಕೂರು ಎಂದರೂ ಕೂರಲಿಲ್ಲ. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಹದಿಮೂರು ವರ್ಷ ಬಿಟ್ಟುಹೋದದ್ದನ್ನು ಬಿಡಿಸಿ ಹೇಳಿದೆ, ಮುಚ್ಚಿಡಲು ಮನಸ್ಸಾಗಲಿಲ್ಲ. ಅವನು ತಲೆಯಾಡಿಸಿದ. “ಆಗ್ಲಿ ಅಕ್ಕ, ಮೂರಾದ್ರೂ ನನ್ನ ಹೆಸರಲ್ಲಿ ಉಂಟಲ್ಲ” ಎಂದ. ಪೆನ್ನು ಕೊಟ್ಟೆ. ಬಗ್ಗಿ, ದುಂಡಗಿನ ಅಕ್ಷರದಲ್ಲಿ, ಒಂದೇ ಉಸಿರಿಗೆ ಸಹಿ ಹಾಕಿ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಟ್ಟ.

ಹಾಳೆ ತಿರುಗಿಸಿ ನೋಡಿದರೆ ಅಲ್ಲಿದ್ದದ್ದು ದೋಸೆಕಲ್ಲಿನ ಹಿರಿಯರ ಹೆಸರು.

ಅದು ಜುಲೈ. ಹದಿನಾರು ಜುಲೈಗಳಲ್ಲಿ ಅವನ ಕೈ ಬರೆದದ್ದು ಅದನ್ನೇ. ನಾನು ನಕ್ಕುಬಿಟ್ಟೆ, ಅವನೂ ನಕ್ಕ, ಆಮೇಲೆ ಇಬ್ಬರಿಗೂ ನಗು ನಿಂತಿತು. ತಪ್ಪಾಯ್ತು, ಇನ್ನು ಕೆಲಸ ಹೋಯ್ತಾ ಎಂದು ಅವನು ನಿಜವಾಗಿ ಹೆದರಿ ಕೇಳಿದ. ಇನ್ನೊಂದು ಪ್ರತಿ ತೆಗೆದುಕೊಟ್ಟೆ. ಈ ಸಲ ಕೂತುಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಒಂದನೆಯ ಕ್ಲಾಸಿನ ಮಗುವಿನ ಹಾಗೆ ತನ್ನ ಹೆಸರು ಬರೆದ. ಹಾಳಾದ ಪ್ರತಿಯನ್ನು ಹರಿದು ಹಾಕಬೇಕೆಂಬುದು ನಿಯಮ. ನಾನು ಹರಿಯಲಿಲ್ಲ. ಆ ಹದಿಮೂರು ವರ್ಷದ ಸಹಿಗಳು ಅವನ ಕೈಯವೇ ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ ಎಂದು ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.

ಪ್ರೊಬೇಶನ್ ಮುಗಿಯಿತು, ವರ್ಷ ದಾಟಿತು. ಕ್ಯಾಂಟೀನಿಗೂ ಬೆರಳೊತ್ತುವ ಯಂತ್ರ ಬಂತು, ಆದರೂ ಅದನ್ನು ನಂಬದ ಮ್ಯಾನೇಜರರು ಮಸ್ಟರನ್ನು ಉಳಿಸಿಕೊಂಡರು. ಐದು ಜನ ಹಿರಿಯರ ಜೊತೆ ಮತ್ತೆ ಮಾತಾಡತೊಡಗಿದರು, ಪತ್ರ ಕೈಗೆ ಬಂದ ಮೇಲೆ ಸಿಟ್ಟು ಎಷ್ಟು ದಿನ. ಎಲ್ಲರ ರಜೆಯ ಅರ್ಜಿಗಳೂ ಬಂದವು. ಏಳನೆಯವನದು ಮಾತ್ರ ಬರಲಿಲ್ಲ. ಯಾಕೆ ಎಂದು ಕೇಳಿದೆ, ಕೇಳದಿದ್ದರೆ ನಾನು ನಾನಲ್ಲ.

“ನಾನು ಹೋದ್ರೆ ನನ್ನ ಬದಲಿಗೆ ಯಾರು ಅಕ್ಕ?” ಎಂದ ಅವನು.

ಯಾರೂ ಬೇಡ, ಅದಕ್ಕೇ ಅದನ್ನು ರಜೆ ಎನ್ನುವುದು ಎಂದು ವಿವರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ. ಸಂಜೆ ಹಿರಿಯರೇ ಅರ್ಜಿ ತುಂಬಿಸಿ, ಅವನ ಕೈಯಲ್ಲಿ ಸಹಿ ಹಾಕಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಮೂವತ್ತು ದಿನ. ಆರು ಜನ ಅವನ ಕೆಲಸವನ್ನು ಹಂಚಿಕೊಂಡರು. ಚಹಾ ತರುವ ಸರದಿ ಹಿರಿಯರಿಗೆ ಬಂತು, ಅವರು ನನಗೆ ತಿಂಗಳಿಡೀ ಸಕ್ಕರೆ ಜಾಸ್ತಿ ಹಾಕಿದರು.

ತಿಂಗಳ ಕೊನೆಗೆ ಮೊಹರು ಒತ್ತಲು ಮಸ್ಟರು ಬಂತು. ಈಗ ನಾನು ಸಾಲು ಸಾಲೂ ನೋಡುತ್ತೇನೆ. ಏಳನೆಯ ಸಾಲಿನಲ್ಲಿ ಮೂವತ್ತು ಮನೆಗಳು ಖಾಲಿಯಿದ್ದವು. ಯಾರೂ ಅಲ್ಲಿ ಅವನ ಹೆಸರಿಗೆ ಸಹಿ ಹಾಕಿರಲಿಲ್ಲ. ಕೆಂಪು ಪೆನ್ನು ತೆಗೆದು ಒಂದೊಂದು ಮನೆಯಲ್ಲೂ ರಜೆ, ರಜೆ, ರಜೆ ಎಂದು ನಾನೇ ಬರೆದೆ, ಬರೆದು ಮೊಹರು ಒತ್ತಿದೆ.